ಫೋಟೋ ನೋಡಿ ಬಿದಿರು ಹೇಳೋದು: 60 ಸಾವಿರ ಕಳ್ಕೊಂಡು ಕಲ್ತದ್ದು

ಆರೇಳು ವರ್ಷದ ಹಿಂದೆ ನಮ್ಮ ಗುಡ್ಡೆ ಬದಿಯ ಒಂದೂಕಾಲು ಎಕ್ರೆಯಲ್ಲಿ ಬಾಲ್ಕೂವಾ ಬಿದಿರು ಅಂತ ನೆಟ್ಟದ್ದು, ನಾಲ್ಕನೇ ಮಳೆಗಾಲದಲ್ಲಿ ನೋಡಿದ್ರೆ ವಲ್ಗ್ಯಾರಿಸ್ ಅಂತ ಬೇರೆಯೇ ಜಾತಿ. ನೂರೈವತ್ತು ಗಿಡ, ಒಂದಕ್ಕೆ 90 ರೂಪಾಯಿಯೋ ಏನೋ, ಜೆಸಿಬಿ, ಗೊಬ್ಬರ, ಹಂದಿಗೆ ಬೇಲಿ ಎಲ್ಲ ಸೇರಿ 60 ಸಾವಿರದ ಹತ್ರ ಹೋಯ್ತು. ಗಿಡ ಕೊಟ್ಟವ್ನು ಆಗ ತಾಯಿ ಮೆಳೆಯದ್ದು ಅಂತ ಮೂರು ಫೋಟೋ ವಾಟ್ಸಾಪ್ ಮಾಡಿದ್ದ, ನಾನು ಬೂದು ಹಸಿರು ಬಣ್ಣ ನೋಡಿ ಸರಿ ಉಂಟು ಅಂದದ್ದು. ಬೇಜಾರಾದದ್ದು ದುಡ್ಡಿಗಲ್ಲ ಮಾರಾಯ್ರೆ. ಹಳೇ ಫೋನ್ ತೆಗ್ದು ಆ ಫೋಟೋ ಮತ್ತೆ ನೋಡ್ದೆ, ಎರಡನೇ ಫೋಟೋದ ಮೂಲೆಯಲ್ಲಿ ಒಂದು ಎಳೇ ಗಳ, ಅದಕ್ಕೆ ಅಂಟಿಕೊಂಡ ಹಾಳೆ, ಹಾಳೆಯ ತುದಿಯಲ್ಲಿ ಎರಡು ಕಿವಿ ಚಂದ ಕಾಣ್ತಾ ಉಂಟು, ವಲ್ಗ್ಯಾರಿಸ್‌ನ ಗುರ್ತೇ ಅದು. ಉತ್ತರ ನನ್ನ ಫೋನಲ್ಲೇ ಇತ್ತು, ನಾಲ್ಕು ವರ್ಷ.

ಅಲ್ಲಿಂದ ಹಿಡಿದದ್ದು ಈ ಹುಚ್ಚು. ಈಗ ಮಂಜೇಶ್ವರದಿಂದ ಮುಳ್ಳೇರಿಯ ತನಕ ಯಾರಾದ್ರೂ ಗಳ ಮಾರ್ಲಿಕ್ಕೆ ಉಂಟು ಅಂದ್ರೆ ಮೊದ್ಲು ಫೋಟೋ ಕೇಳ್ತೇನೆ, ಆಮೇಲೆ ಪಿಕಪ್ ತೆಗೆಯೋದು. ಸುರುವಿಗೆ ನಮ್ಮ ಭಾವನೇ ನಗಾಡಿದ್ದು, "ಫೋಟೋ ನೋಡಿ ಬಿದಿರು ಹೇಳ್ತಾನಂತೆ, ನಾಳೆ ಜಾತಕ ಕೂಡ ಹೇಳ್ಬಹುದು" ಅಂತ. ಕಳೆದ ಮಳೆಗಾಲ ನಲ್ವತ್ತು ಚಿಲ್ರೆ ಮೆಳೆಯ ಫೋಟೋ ಬಂತು, ಆಮೇಲೆ ಜಾಗಕ್ಕೆ ಹೋಗಿ ನೋಡಿದ್ದರಲ್ಲಿ ಮೂರೋ ನಾಲ್ಕೋ ತಪ್ಪಿದ್ದು, ಅದು ಕೂಡ ಎಲ್ಲ ಎರಡು ವರ್ಷದೊಳಗಿನ ಸಣ್ಣ ಗಿಡ. ಭಾವ ಈಗ ನಗಾಡೋದಿಲ್ಲ.

ಎಲ್ಲ ಜಾತಿದು ಬರೆಯೋದಿಲ್ಲ. ನಮ್ಮ ಕಡೆ ದುಡ್ಡು ಮುಳುಗೋದು ಹೆಚ್ಚಾಗಿ ಮೂರರ ನಡುವೆ, ಅದಷ್ಟೇ ಬರೀತೇನೆ. ಬಾಲ್ಕೂವಾ, ಅಂದ್ರೆ ಭೀಮ ಅಂತ ಮಾರ್ತಾರಲ್ಲ ಅದು. ಹಸಿರು ವಲ್ಗ್ಯಾರಿಸ್. ಮತ್ತೆ ನಮ್ಮ ಹಳೇ ಮುಳ್ಳುಬಿದಿರು, ಬಾಂಬೋಸ್. ವಲ್ಗ್ಯಾರಿಸ್ ಕಡ್ಡಿ ನೆಟ್ರೆ ಸುಲಭಕ್ಕೆ ಬೇರು ಬಿಡ್ತದೆ, ಹಾಗಾಗಿ ಗಿಡ ಮಾಡುವವರಿಗೆ ಖರ್ಚಿಲ್ಲ, ಆದ್ರೆ ಕಡಿದ ಗಳಕ್ಕೆ ಕುಟ್ಟೆ ಹಿಡಿಯೋದು ಅದಕ್ಕೇ ಬೇಗ. ಬಾಲ್ಕೂವಾ ದಪ್ಪ ಗೋಡೆಯ ಗಟ್ಟಿ ಗಳ, ಗೋಡೆ ಸಾರಣೆಗೆ ಅಟ್ಟ ಕಟ್ಟುವವರು ಕೇಳೋದು ಅದನ್ನು. ರೇಟಲ್ಲಿ ಒಂದಕ್ಕೆ ಎರಡರಷ್ಟು ವ್ಯತ್ಯಾಸ.

ಬಣ್ಣದಿಂದ ಸುರು ಮಾಡುವ, ಯಾಕಂದ್ರೆ ಎಲ್ರೂ ಬೀಳೋದು ಅಲ್ಲೇ. ಪುಸ್ತಕದ ಪ್ರಕಾರ ಬಾಲ್ಕೂವಾ ಬೂದು ಕೂಡಿದ ಹಸಿರು, ವಲ್ಗ್ಯಾರಿಸ್ ಹೊಳೆಯುವ ಹಸಿರು. ಸರಿಯೇ, ಆದ್ರೆ ಒಂದು ವರ್ಷದ ಗಳದಲ್ಲಿ, ಅದೂ ಒರೆಸಿದ ಮೇಲೆ. ನಮ್ಮ ಮಳೆಗೆ ಮೂರು ವರ್ಷದ ಗಳದ ಮೇಲೆ ಬಿಳಿ ಪಾಚಿ ತರದ್ದು ಹಿಡೀತದೆ, ಆವಾಗ ಯಾವ ಬಿದಿರಾದ್ರೂ ಬೂದು. ಇನ್ನು ಫೋನಿನ ಕ್ಯಾಮರಾ ತಾನೇ ಬಣ್ಣ ಏರಿಸ್ತದೆ, ಒಂದೇ ಮೆಳೆಯನ್ನು ನನ್ನ ಫೋನಲ್ಲೂ ಮಗಳ ಫೋನಲ್ಲೂ ತೆಗ್ದು ನೋಡಿದ್ದೇನೆ, ಎರಡು ಜಾತಿ ಅಂತ ಹೇಳುವ ಹಾಗೆ ಬಂತು. ಈಗ ನಾನು ಹೇಳೋದು, ಈ ವರ್ಷದ ಗಳ ಹುಡುಕಿ, ಎದೆ ಎತ್ತರದಲ್ಲಿ ಚಂಡಿ ಬಟ್ಟೆಯಿಂದ ಒಂದು ಗೇಣು ಒರೆಸಿ, ಪಕ್ಕದಲ್ಲಿ ಬಿಳಿ ಕಾಗದ ಹಿಡಿದು, ಮೋಡ ಇರುವಾಗ ಫೋಟೋ ತೆಗೀರಿ, ಫ್ಲ್ಯಾಶ್ ಬೇಡ. ಕಾಗದ ನೀಲಿಯೋ ಹಳದಿಯೋ ಕಂಡ್ರೆ ಬಣ್ಣದ ಮಾತು ಅಲ್ಲಿಗೇ ಬಿಡೋದು. ಬಣ್ಣದಲ್ಲಿ ನಾನು ನಿಜವಾಗಿ ಹುಡುಕೋದು ಒಂದೇ, ಹಸಿರು ಗಳದಲ್ಲಿ ಎಲ್ಲಾದ್ರೂ ಸಪೂರ ಹಳದಿ ಗೆರೆ ಉಂಟಾ ಅಂತ. ಮನೆ ಎದುರು ಚಂದಕ್ಕೆ ನೆಡ್ತಾರಲ್ಲ ಹಳದಿಗೆ ಹಸಿರು ಪಟ್ಟೆ, ಅದು ವಲ್ಗ್ಯಾರಿಸ್‌ನದ್ದೇ ತಳಿ, ಕೆಲವೊಮ್ಮೆ ಅದ್ರ ಬುಡದಿಂದ ವಾಪಸ್ ಹಸಿರು ಗಳ ಬರ್ತದೆ. ಹಾಗೆ ಬಂದದ್ರಲ್ಲಿ ಗೆರೆ ಅಲ್ಲಲ್ಲಿ ಉಳಿದಿರ್ತದೆ.

ಗಂಟಿಗೆ ಬರುವ. ಒಂದು ಗಂಟಲ್ಲಿ ಎರಡು ಬಳೆ ಇರೋದು ನಿಮಗೆ ಗೊತ್ತೇ ಉಂಟು, ಕೆಳಗಿನದ್ದು ಹಾಳೆ ಬಿದ್ದ ಕಲೆ, ಮೇಲಿನದ್ದು ಗಳದ್ದೇ ಉಬ್ಬು. ಬಾಲ್ಕೂವಾದಲ್ಲಿ ಗಂಟೇ ದಪ್ಪ, ಮೇಲ್ಗಡೆ ಬೆಳ್ಳಗಿನ ಒಂದು ಉಂಗುರ, ಕೆಳಗೆ ರೋಮ. ವಲ್ಗ್ಯಾರಿಸ್‌ನಲ್ಲಿ ಗಂಟು ಅಷ್ಟು ಉಬ್ಬೋದಿಲ್ಲ, ಎಳೇದ್ರಲ್ಲಿ ಕಂದು ರೋಮದ ಬಳೆ ಕಾಣ್ತದೆ. ಇಲ್ಲಿ ನಾನು ಎರಡು ಸಲ ಸೋತೆ. ಒಮ್ಮೆ ಪಾಚಿಯನ್ನು ಬಿಳಿ ಉಂಗುರ ಅಂತ ತಿಳ್ಕೊಂಡೆ, ಇನ್ನೊಮ್ಮೆ ಗಂಟಿನ ಕೆಳಗಿದ್ದ ಮೇಣದ ಪುಡಿಯನ್ನು. ಹೆಬ್ಬೆರಳಲ್ಲಿ ತಿಕ್ಕಿದ್ರೆ ಮೇಣ ಹೋಗ್ತದೆ, ಪಾಚಿ ಜಗ್ಗೋದಿಲ್ಲ. ಹಾಗಾಗಿ ತಿಕ್ಕುವ ಮೊದ್ಲೊಂದು ತಿಕ್ಕಿದ ಮೇಲೊಂದು ಫೋಟೋ ತರಿಸ್ತೇನೆ, ಜೊತೆಗೆ ಯಾವುದು ಮೇಲೆ ಯಾವುದು ಕೆಳಗೆ ಅಂತ ಬೆರಳು ತೋರಿಸಿ ತೆಗೀಲಿಕ್ಕೆ ಹೇಳ್ತೇನೆ, ಯಾಕಂದ್ರೆ ಜನ ಫೋಟೋ ತಲೆಕೆಳಗೆ ಕಳಿಸ್ತಾರೆ. ರೋಮ ಕಾಣ್ಬೇಕಾದ್ರೆ ಟಾರ್ಚ್ ಎದುರಿಂದ ಹಾಕ್ಬಾರ್ದು, ಸೈಡಿಂದ ಗಳಕ್ಕೆ ಉಜ್ಜಿದ ಹಾಗೆ ಬಿಡ್ಬೇಕು. ಎರಡು ಬಳೆಯ ನಡುವಿನ ಮೊಗ್ಗಿಂದ ಕೂಡ ಒಂದು ಗುರ್ತು ಸಿಗ್ತದೆ, ಅದು ಸದ್ಯ ನನ್ನ ಹತ್ರವೇ ಇರ್ಲಿ.

ಮುಳ್ಳುಬಿದಿರು ಗೊತ್ತಾಗೋದಿಲ್ವಾ ಅಂತ ನಗಾಡ್ಬೇಡಿ. ಬಾಲ್ಕೂವಾದ ಬುಡದ ಗೆಲ್ಲು ಎಲೆ ಇಲ್ಲದೆ ಗಟ್ಟಿಯಾಗಿ ಬಾಗಿರ್ತದೆ, ದೂರದ ಫೋಟೋದಲ್ಲಿ ಮುಳ್ಳಿನ ಹಾಗೇ. ಹತ್ರದಿಂದ ತೆಗ್ದ್ರೆ ಬಾಂಬೋಸ್‌ನ ಗೆಲ್ಲಿನ ಗಂಟಲ್ಲಿ ಕೊಕ್ಕೆ ತರದ ಮುಳ್ಳು ಎರಡೆರಡು ಮೂರ್ಮೂರು ಒಟ್ಟಿಗೆ. ಬೋವಿಕ್ಕಾನ ಕಡೆಯ ಒಬ್ಬ ಮಲಯಾಳಿ ಗಳ ಕಡಿಯುವವ ಇದೇ ಸಂಶಯಕ್ಕೆ ಫೋನ್ ಮಾಡಿದಾಗ "ಇದು ಇಲ್ಲಿ, ಇದು ಇಲ್ಲಿ" ಅಂತ ಹೇಳ್ತಾ ಇದ್ದ, ನಾನು "ಇಲ್ಲಿ ಅಂದ್ರೆ ಎಲ್ಲಿ" ಅಂತ ಐದು ನಿಮಿಷ ಕೇಳಿದ್ದೇನೆ. ಮಲಯಾಳದಲ್ಲಿ ಮುಳ್ಳುಬಿದಿರಿಗೇ ಇಲ್ಲಿ ಅಂತಾರೆ ಅಂತ ಆಮೇಲೆ ತಲೆಗೆ ಹೋದದ್ದು.

ಈಗ ಹಾಳೆ. ಕಣಿಲೆ ಮೇಲೆ ಬರುವಾಗ ಅದ್ರ ಮೈಗೆ ಸುತ್ತಿಕೊಂಡಿರ್ತದಲ್ಲ ಅದು, ಅಡಿಕೆ ಹಾಳೆ ಹಾಗೆ ಆಮೇಲೆ ಕಳಚಿ ಬೀಳ್ತದೆ. ಹಾಳೆಯ ಮೇಲ್ತುದಿಯಲ್ಲಿ ಒಂದು ಸಣ್ಣ ತ್ರಿಕೋನ ಎಲೆ, ಅದ್ರ ಬುಡದ ಎರಡೂ ಬದಿ ನೋಡ್ಬೇಕು. ವಲ್ಗ್ಯಾರಿಸ್‌ನಲ್ಲಿ ಎರಡೂ ಬದಿಗೆ ಹೆಚ್ಚುಕಮ್ಮಿ ಒಂದೇ ಅಳತೆಯ ದೊಡ್ಡ ಕಿವಿ, ಕಿವಿಯ ಅಂಚಲ್ಲಿ ಗಡುಸು ಕೂದಲು, ತ್ರಿಕೋನ ನೆಟ್ಟಗೆ ನಿಂತಿರ್ತದೆ, ಹಾಳೆಯ ಬೆನ್ನಲ್ಲಿ ಕಪ್ಪು ಕಂದು ರೋಮ. ಬಾಲ್ಕೂವಾದಲ್ಲಿ ಆ ತರ ಎದ್ದು ಕಾಣುವ ಕಿವಿ ಇಲ್ಲ. ಬಾಂಬೋಸ್‌ನಲ್ಲೂ ಇಲ್ಲ, ಆದ್ರೆ ಅದ್ರ ಎಳೇ ಹಾಳೆ ಕಿತ್ತಳೆ ಹಳದಿ, ಚರ್ಮದ ಹಾಗೆ ದಪ್ಪ, ತ್ರಿಕೋನದ ಒಳಮೈ ಕಂದು ವೆಲ್ವೆಟ್.

ಇಷ್ಟು ಸುಲಭ ಅಂತ ಕಾಣ್ತದೆ, ಆದ್ರೆ ಎರಡು ಮಳೆಗಾಲ ನಾನು ಇದ್ರಲ್ಲೂ ತಪ್ಪಿದೆ. ಯಾಕೆ ಅಂದ್ರೆ ಜನ ನೆಲದಲ್ಲಿ ಬಿದ್ದ ಹಾಳೆ ಹೆಕ್ಕಿ ಫೋಟೋ ಕಳಿಸ್ತಾರೆ. ಮಳೆಗೆ ಕೊಳೆತ ಹಾಳೆಯಲ್ಲಿ ಮೊದ್ಲು ಉದುರೋದು ಕಿವಿಯ ಕೂದಲು, ಆಮೇಲೆ ಕಿವಿಯೇ ಮುರೀತದೆ, ಆಗ ವಲ್ಗ್ಯಾರಿಸ್ ಕೂಡ ಕಿವುಡು. ಇನ್ನೊಂದು, ಬುಡದ ಹಾಳೆ ಗಿಡ್ಡ ಅಗಲ, ತ್ರಿಕೋನ ಬರೀ ಮೊಳಕೆಯಷ್ಟು, ತುದಿಯ ಹಾಳೆ ಉದ್ದ ಸಪೂರ. ಹೋಲಿಸ್ಲಿಕ್ಕೆ ಆಗೋದು ನಡುವಿನದ್ದು. ಹಾಗಾಗಿ ಈಗ ಬುಡದಿಂದ ಐದಾರನೇ ಗಂಟಿನ ಹಾಳೆ, ಗಳದಲ್ಲೇ ಅಂಟಿಕೊಂಡದ್ದು ಒಂದು ಫೋಟೋ, ಅದನ್ನೇ ಬಿಡಿಸಿ ಒಳಮೈ ಇನ್ನೊಂದು ಫೋಟೋ, ಪಕ್ಕದಲ್ಲಿ ಐದು ರೂಪಾಯಿ ನಾಣ್ಯ. ಮೊದ್ಲು ನಾಣ್ಯದ ಬದ್ಲು ಸುಲಿದ ಅಡಿಕೆ ಇಡಿಸ್ತಿದ್ದೆ, ಒಬ್ಬ ಅಡಿಕೆಯ ರೇಟ್ ಕೇಳ್ಲಿಕ್ಕೆ ಸುರು ಮಾಡಿದ, ಬಿಟ್ಟೆ. ಜೂನ್‌ನಿಂದ ಸಪ್ಟೆಂಬರ್ ಒಳಗೆ ಬಂದ ಫೋಟೋ ಆದ್ರೆ ಮಾತ್ರ ಗ್ಯಾರಂಟಿ ಹೇಳೋದು. ಬೇಸಗೆಯಲ್ಲಿ ಕೇಳಿದ್ರೆ ಕಾಯಿರಿ ಅಂತೇನೆ.

ಎಲೆಯ ಫೋಟೋದಲ್ಲಿ ಒಂದು ವರ್ಷ ಹಾಳು ಮಾಡಿದ್ದೇನೆ, ಅದ್ರಿಂದ ಏನೂ ಸಿಕ್ಕಿಲ್ಲ. ಗಳಕ್ಕೆ ಕತ್ತಿಯ ಬೆನ್ನಿಂದ ಬಡಿದು ವಾಯ್ಸ್ ಮೆಸೇಜ್ ಕಳಿಸಿ ಅಂತ ಕೂಡ ಹೇಳಿ ನೋಡ್ದೆ, ದಪ್ಪ ಗೋಡೆಯದ್ದು ಮಂದ ಸದ್ದು ಬರ್ತದೆ ಅಂತ ಲೆಕ್ಕ. ಬಂದ ಮೆಸೇಜಲ್ಲೆಲ್ಲ ನಾಯಿ ಬೊಗಳೋದೇ ಹೆಚ್ಚು. ಕೆಲ್ಸಕ್ಕೆ ಬಂದದ್ದು ತ್ರಿಶೂರು ಕಡೆ ವೇಲುಪಾಡಂಗೆ ಹೋದದ್ದು, ಕೇರಳ ಅರಣ್ಯ ಸಂಶೋಧನಾ ಸಂಸ್ಥೆಯವರ ಬಿದಿರು ತೋಟ ಉಂಟಲ್ಲ ಅಲ್ಲಿ. ಹೆಸ್ರು ಗೊತ್ತಿರುವ ಮೆಳೆಯ ಹಾಳೆಯನ್ನು ಕಣ್ಣಾರೆ ನೋಡಿದ್ಮೇಲೆ ನನ್ನ ಫೋನಲ್ಲಿದ್ದ ಫೋಟೋಗೆಲ್ಲ ಹೊಸ ಹೆಸ್ರು ಬರೆಯುವ ಹಾಗಾಯ್ತು. ರೈಲು, ಊಟ ಎಲ್ಲ ಸೇರಿ ಸಾವಿರದಿನ್ನೂರು ಆಗಿರ್ಬಹುದು, 60 ಸಾವಿರದ ಮೊದ್ಲು ಹೋಗ್ಬೇಕಿತ್ತು.

ಪೈವಳಿಕೆ ಕಡೆಯದ್ದೊಂದು ಹೇಳ್ತೇನೆ. ರಸ್ತೆ ಬದಿಯ ಮೆಳೆ, ಎಂಬತ್ತು ಗಳ ಕಡೀಲಿಕ್ಕುಂಟು, ಭೀಮ ಅಂತ ಹೇಳಿ ಗಳಕ್ಕೆ 180 ಕೇಳಿದ್ರು. ಮೊದ್ಲ ಫೋಟೋ ಬೂದು, ಗಂಟಲ್ಲಿ ಬಿಳಿ ಉಂಗುರ. ಭಾವ ನೋಡಿ "ಬಾಲ್ಕೂವಾವೇ, ಅಡ್ವಾನ್ಸ್ ಕೊಡು" ಅಂದ. ನಾನು ಒರೆಸಿ ಕಳಿಸಿ ಅಂದೆ, ಬಂದ ಫೋಟೋದಲ್ಲಿ ಬಟ್ಟೆ ಪೂರ್ತಿ ಧೂಳು, ಗಳ ಫಳಫಳ ಹಸಿರು. ಬೆರಳಿಟ್ಟು ತೋರಿಸಿದಾಗ ಬಿಳಿ ಇದ್ದದ್ದು ಗಂಟಿನ ಕೆಳಗೆ, ತಿಕ್ಕಿದ್ರೆ ಹೋಯ್ತು. ಹಾಳೆ ಕೇಳಿದ್ರೆ ನೆಲದಿಂದ ಹೆಕ್ಕಿದ್ದು ಕಳಿಸಿದ್ರು, ಅದಕ್ಕೆ ಕಿವಿ ಇಲ್ಲ, ಭಾವ ಮತ್ತೆ ಬಾಲ್ಕೂವಾ ಅಂತ ಹಟ. ಎರಡು ದಿವ್ಸ ಫೋನ್ ಮಾಡಿ ಮಾಡಿ ಗಳದಲ್ಲಿದ್ದ ಆರನೇ ಗಂಟಿನ ಹಾಳೆಯ ಫೋಟೋ ತರಿಸ್ದೆ. ಎರಡೂ ಬದಿ ಕಿವಿ, ಕೂದಲು ಸಮೇತ. ಅದೇ ಫೋಟೋದಲ್ಲಿ ಹಿಂದಿನ ಗಳದ ಮೇಲೆ ಕೂದಲೆಳೆಯಷ್ಟು ಹಳದಿ ಗೆರೆ. ವಲ್ಗ್ಯಾರಿಸ್, ಬೇಕಾದ್ರೆ 80ಕ್ಕೆ ತಗೊಳ್ತೇನೆ ಅಂದೆ. ಅವ್ರಿಗೆ ಸಿಟ್ಟು ಬಂತು, ಬೇರೆಯವ್ರಿಗೆ 170ರ ಹಾಗೆ ಕೊಟ್ರು.

ಆ ಗಳ ತಗೊಂಡವ್ರು ಸಾರಣೆ ಕೆಲ್ಸದವ್ರು. ಐದು ತಿಂಗಳಾಗುವಾಗ ಗಂಟಿನ ಹತ್ರ ಸಣ್ಣ ಸಣ್ಣ ತೂತು, ಕೆಳಗೆ ಬಿಳಿ ಹಿಟ್ಟು ಬೀಳ್ತಾ ಉಂಟು ಅಂತ ಫೋಟೋ ಕಳಿಸಿದ್ರು, ಇದಕ್ಕೆ ಎಂತ ಮದ್ದು ಅಂತ. ಕಡಿದ ಕೂಡ್ಲೇ ನೀರಲ್ಲಿ ಮುಳುಗಿಸಿಟ್ಟಿದ್ರೆ ಸ್ವಲ್ಪ ಕಮ್ಮಿ ಆಗ್ತಿತ್ತು, ಈಗ ಒಲೆಗೆ ಆದೀತು ಅಂದೆ. ಆ ಫೋಟೋ ಭಾವನಿಗೂ ಫಾರ್ವರ್ಡ್ ಮಾಡಿದ್ದೇನೆ, ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.