ಮೂರನೇ ಕೀ ಎಲ್ಲಿ ಹೋಯಿತು?

ಕಳೆದ ಮಳೆಗಾಲದಲ್ಲಿ ರೆಡ್ ಅಲರ್ಟ್ ಅಂತ ಶಾಲೆಗೆ ರಜೆ ಕೊಟ್ಟಿದ್ದರು. ಬಿಜೈಯ ನಮ್ಮ ಮನೆಗೆ ಅಕ್ಕನ ಮಕ್ಕಳಿಬ್ಬರೂ ಬಂದಿದ್ದರು. ಹೊರಗೆ ಕಾಲಿಡುವ ಹಾಗಿರಲಿಲ್ಲ. ಒಂದೇ ಕೀಬೋರ್ಡಿನಲ್ಲಿ ಇಬ್ಬರು ಆಡುವ ಫುಟ್‌ಬಾಲ್ ಗೇಮ್ ಹಾಕಿ ಕೊಟ್ಟೆ. ಅಣ್ಣನಿಗೆ ಬಾಣದ ಕೀಗಳು. ತಂಗಿಗೆ ಓಡಲು A ಮತ್ತು D, ಹಾರಲು W, ಚೆಂಡು ಒದೆಯಲು ಸ್ಪೇಸ್.

ಅರ್ಧ ಗಂಟೆಯೊಳಗೆ ಜಗಳ ಶುರು. "ಮಾವ, ನಾನು ಒತ್ತಿದ್ರೂ ಒದೆಯುದೇ ಇಲ್ಲ. ಅಣ್ಣ ಎಂತದೋ ಮೋಸ ಮಾಡ್ತಾನೆ" ಅಂತ ತಂಗಿ ಅಳು. ಅಣ್ಣ, "ನಾನೆಂತ ಮಾಡಿದ್ದು? ನಾನು ಹಾರಿದ್ದು ಮಾತ್ರ" ಅಂದ.

ಪಕ್ಕದಲ್ಲಿ ಕೂತು ನೋಡಿದೆ. ಇಬ್ಬರೂ ಹೇಳಿದ್ದು ನಿಜವೇ. ಅಣ್ಣ ಎಡಕ್ಕೆ ಓಡುತ್ತಾ ಹಾರಿದಾಗ, ಅಂದರೆ ಎಡಬಾಣ ಮತ್ತು ಮೇಲ್ಬಾಣ ಎರಡನ್ನೂ ಹಿಡಿದಿರುವಾಗ, ತಂಗಿಯ ಸ್ಪೇಸ್ ಕೆಲಸ ಮಾಡುತ್ತಿರಲಿಲ್ಲ. ಅವನು ಬಲಕ್ಕೆ ಹಾರಿದರೆ ಏನೂ ತೊಂದರೆ ಇಲ್ಲ. ಸ್ಪೇಸ್ ಕೀ ಹಾಳಾಗಿದ್ದರೆ ಎರಡೂ ಕಡೆ ಕೈಕೊಡಬೇಕಿತ್ತು, ಅಲ್ವಾ?

ತಪ್ಪು ಗೇಮಿನದ್ದೋ ಕೀಬೋರ್ಡಿನದ್ದೋ ಅಂತ ಮೊದಲು ತಿಳಿಯಬೇಕಿತ್ತು. ಕೀಬೋರ್ಡನ್ನು ನನ್ನ ಉಬುಂಟು ಲ್ಯಾಪ್‌ಟಾಪಿಗೆ ಚುಚ್ಚಿ, `evtest` ಇನ್‌ಸ್ಟಾಲ್ ಮಾಡಿಕೊಂಡು ಈ ಕಮಾಂಡ್ ಓಡಿಸಿದೆ:

```
sudo evtest
```

ಪಟ್ಟಿಯಿಂದ ಕೀಬೋರ್ಡ್ ಆರಿಸಿದರೆ, ಒತ್ತಿದ ಪ್ರತಿ ಕೀಗೂ `EV_KEY` ಅಂತ ಇರುವ ಒಂದು ಸಾಲು ಬರುತ್ತದೆ. ಸಾಲಿನ ಕೊನೆಯಲ್ಲಿ `value 1` ಅಂದರೆ ಒತ್ತಿದ್ದು, `value 2` ಅಂದರೆ ಹಿಡಿದುಕೊಂಡೇ ಇರುವುದು, `value 0` ಅಂದರೆ ಬಿಟ್ಟದ್ದು. ಎಡಬಾಣ ಹಿಡಿದೆ, `KEY_LEFT` ಬಂತು. ಮೇಲ್ಬಾಣ ಹಿಡಿದೆ, `KEY_UP` ಬಂತು. ಸ್ಪೇಸ್ ಒತ್ತಿದೆ. ಅದರ ಸಾಲು ಬರಲೇ ಇಲ್ಲ.

ಆಮೇಲೆ ಕ್ರಮ ಬದಲಿಸಿದೆ. ಮೊದಲು ಸ್ಪೇಸ್ ಮತ್ತು ಎಡಬಾಣ ಹಿಡಿದು ಕೊನೆಗೆ ಮೇಲ್ಬಾಣ ಒತ್ತಿದರೆ, ಈಗ ಮಾಯವಾದದ್ದು ಮೇಲ್ಬಾಣ. ಮೂರರಲ್ಲಿ ಯಾವುದನ್ನು ಕೊನೆಗೆ ಒತ್ತುತ್ತೇವೋ ಅದೇ ಕಾಣೆ. ನನಗೆ ಇದೇ ದೊಡ್ಡ ಸುಳಿವಾಯಿತು. ಗೇಮಿಗೆ ತಲುಪುವ ಮೊದಲೇ, ಕೀಬೋರ್ಡಿನೊಳಗೇ ಮೂರನೆಯದನ್ನು ತಡೆಯಲಾಗುತ್ತಿತ್ತು.

ಅದೇ ಮಾದರಿಯ ಇನ್ನೊಂದು ಕೀಬೋರ್ಡ್ ಹಾಳಾಗಿ ಅಟ್ಟದಲ್ಲಿ ಬಿದ್ದಿತ್ತು. ಅದರ ಹಿಂಬದಿಯ ತಿರುಪು ಬಿಚ್ಚಿದೆ. ಒಂದು ತಿರುಪು ಸ್ಟಿಕ್ಕರಿನ ಅಡಿಯಲ್ಲಿ ಅಡಗಿತ್ತು. ಒಳಗೆ ರಬ್ಬರ್ ಹಾಳೆ, ಅದರ ಕೆಳಗೆ ಮೂರು ತೆಳು ಪ್ಲಾಸ್ಟಿಕ್ ಹಾಳೆ. ಮೇಲಿನದರಲ್ಲಿ ಮತ್ತು ಕೆಳಗಿನದರಲ್ಲಿ ವಾಹಕ ಶಾಯಿಯ ಗೆರೆಗಳು. ನಡುವಿನದರಲ್ಲಿ ಕೀ ಇರುವ ಕಡೆಯಲ್ಲೆಲ್ಲ ತೂತು. ಕೀ ಒತ್ತಿದಾಗ ಆ ತೂತಿನ ಮೂಲಕ ಮೇಲಿನ ಗೆರೆ ಕೆಳಗಿನ ಗೆರೆಗೆ ತಾಗುತ್ತದೆ.

ನೂರಕ್ಕೂ ಹೆಚ್ಚು ಕೀ ಇದ್ದರೂ ಒಂದೊಂದಕ್ಕೂ ಬೇರೆ ವೈರ್ ಇಲ್ಲ. ಸೀರೆಯ ಹಾಸು ಹೊಕ್ಕಿನ ಹಾಗೆ ಅಡ್ಡಗೆರೆ, ಉದ್ದಗೆರೆ. ಪ್ರತಿ ಕೀ ಒಂದು ಅಡ್ಡಗೆರೆ ಮತ್ತು ಒಂದು ಉದ್ದಗೆರೆ ಸೇರುವ ಜಾಗ. ಇದರಲ್ಲಿ 8 ಅಡ್ಡ, 18 ಉದ್ದ, ಒಟ್ಟು 26 ಗೆರೆಗಳಿದ್ದವು. ಚಿಪ್ ಒಂದೊಂದೇ ಅಡ್ಡಗೆರೆಗೆ ಸಂಕೇತ ಕೊಟ್ಟು, ಯಾವ ಉದ್ದಗೆರೆಯಲ್ಲಿ ಅದು ಹೊರಬರುತ್ತದೆ ಅಂತ ನೋಡುತ್ತದೆ.

ಮಲ್ಟಿಮೀಟರ್ ಹಿಡಿದು ಮೂರು ಕೀಗಳ ಗೆರೆ ಹುಡುಕಿದೆ. ಬೀಪ್ ಸದ್ದಿನ ಮೋಡ್ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಶಾಯಿಯ ಗೆರೆಗೆ ಪ್ರತಿರೋಧ ಜಾಸ್ತಿ, ಓಮ್ ಮೋಡಿನಲ್ಲಿಟ್ಟು ಓದಬೇಕು. ಸಿಕ್ಕಿದ್ದು ಇಷ್ಟು: ಎಡಬಾಣ ಮತ್ತು ಮೇಲ್ಬಾಣ ಒಂದೇ ಅಡ್ಡಗೆರೆಯಲ್ಲಿವೆ. ಎಡಬಾಣ ಮತ್ತು ಸ್ಪೇಸ್ ಒಂದೇ ಉದ್ದಗೆರೆಯಲ್ಲಿವೆ. ಅಂದರೆ ಮೂರೂ ಸೇರಿ ಒಂದು ಚೌಕದ ಮೂರು ಮೂಲೆ.

ಈಗ ಮೂರನ್ನೂ ಒತ್ತಿದ್ದೇವೆ ಅನ್ನಿ. ಚಿಪ್ ಸ್ಪೇಸಿನ ಅಡ್ಡಗೆರೆಗೆ ಸಂಕೇತ ಕೊಡುತ್ತದೆ. ಅದು ಸ್ಪೇಸಿನ ಮೂಲಕ ಉದ್ದಗೆರೆಗೆ ಇಳಿಯುತ್ತದೆ. ಅಲ್ಲಿಂದ ಎಡಬಾಣದ ಮೂಲಕ ಇನ್ನೊಂದು ಅಡ್ಡಗೆರೆಗೆ ಹೋಗುತ್ತದೆ. ಅಲ್ಲಿಂದ ಮೇಲ್ಬಾಣದ ಮೂಲಕ ಮತ್ತೊಂದು ಉದ್ದಗೆರೆಗೆ. ಹೀಗೆ ಸುತ್ತುಬಳಸಿ ಬಂದ ಸಂಕೇತವನ್ನು ನೋಡಿದ ಚಿಪ್ಪಿಗೆ, ಚೌಕದ ನಾಲ್ಕನೇ ಮೂಲೆಯ ಕೀಯನ್ನೂ ಯಾರೋ ಒತ್ತಿದ ಹಾಗೆ ಕಾಣುತ್ತದೆ. ಯಾರೂ ಮುಟ್ಟದ ಆ ಕೀಯೇ ಭೂತ. ಘೋಸ್ಟಿಂಗ್ ಅನ್ನುವುದು ಇದಕ್ಕೇ.

ಟೈಪ್ ಮಾಡುವಾಗ ಒತ್ತದ ಅಕ್ಷರ ಬಂದರೆ ಯಾರಿಗೂ ಬೇಡ. ಅದಕ್ಕೇ ಇಂಥ ಗೊಂದಲ ಕಂಡ ಕೂಡಲೇ ಚಿಪ್ ಕೊನೆಗೆ ಬಂದ ಕೀಯನ್ನೇ ಕೈಬಿಡುತ್ತದೆ. ಇದಕ್ಕೆ ಬ್ಲಾಕಿಂಗ್ ಅನ್ನುತ್ತಾರೆ. ಈಗಿನ ಕೀಬೋರ್ಡುಗಳಲ್ಲಿ ನಮಗೆ ಎದುರಾಗುವುದು ಹೆಚ್ಚಾಗಿ ಇದು, ಭೂತವಲ್ಲ. ಬಲಬಾಣ, ಮೇಲ್ಬಾಣ, ಸ್ಪೇಸ್ ಸೇರಿದರೆ ಇಲ್ಲಿ ಚೌಕ ಆಗುವುದಿಲ್ಲ, ಹಾಗಾಗಿ ಅದು ಸಲೀಸಾಗಿ ನಡೆಯಿತು. ಯಾವ ಎರಡು ಕೀ ಒತ್ತಿದರೂ ಚೌಕ ಆಗಲು ಸಾಧ್ಯವಿಲ್ಲ. ಒಟ್ಟಿಗೆ ಒತ್ತಿದರೂ ತಪ್ಪದೆ ಗುರುತಿಸುವ ಕೀಗಳ ಸಂಖ್ಯೆಗೆ ರೋಲ್‌ಓವರ್ ಅನ್ನುತ್ತಾರೆ. ಇಂಥ ಕೀಬೋರ್ಡು ಭರವಸೆ ಕೊಡುವ ರೋಲ್‌ಓವರ್ ಹಾಗಾಗಿ ಎರಡು ಮಾತ್ರ. ಮೂರನೆಯದು ನಡೆದರೆ ಅದು ಗೆರೆಗಳ ಜೋಡಣೆಯ ಪುಣ್ಯ.

ಶಿಫ್ಟ್, ಕಂಟ್ರೋಲ್, ಆಲ್ಟ್ ಕೀಗಳನ್ನು ಬೇರೆ ಕೀಗಳ ಜೊತೆಗೇ ಒತ್ತುವುದು ಅಂತ ತಯಾರಕರಿಗೆ ಗೊತ್ತು. ಅವನ್ನು ಸಾಮಾನ್ಯವಾಗಿ ಪ್ರತ್ಯೇಕ ಗೆರೆಯಲ್ಲಿ ಇಟ್ಟಿರುತ್ತಾರೆ. ನಾನು ಹಿಡಿದದ್ದು ಇದೇ ದಾರಿ. ಗೇಮಿನ ಸೆಟ್ಟಿಂಗಿನಲ್ಲಿ ಒದೆಯುವ ಕೀಯನ್ನು ಸ್ಪೇಸಿನಿಂದ ಎಡ ಕಂಟ್ರೋಲಿಗೆ ಬದಲಿಸಿದೆ. ಒದೆತ ಸರಿಯಾಯಿತು. ಆದರೆ ಗೇಮ್ ಬ್ರೌಸರಿನಲ್ಲಿತ್ತು. ತಂಗಿ ಹಾರುತ್ತಾ ಒದ್ದಳು, ಅಂದರೆ ಕಂಟ್ರೋಲ್ ಜೊತೆ W. ಟ್ಯಾಬೇ ಮುಚ್ಚಿಹೋಯಿತು! ಎಡ ಶಿಫ್ಟಿಗೆ ಬದಲಿಸಿದೆ. ಶಿಫ್ಟನ್ನು ಐದು ಸಲ ಬಡಿದ ಕೂಡಲೇ ವಿಂಡೋಸ್ ಸ್ಟಿಕಿ ಕೀಸ್ ಬೇಕಾ ಅಂತ ಕೇಳಿತು. ಸೆಟ್ಟಿಂಗಿನಲ್ಲಿ ಆ ಶಾರ್ಟ್‌ಕಟ್ ಆಫ್ ಮಾಡಿದ ಮೇಲೆ ಆಟ ನಿಲ್ಲದೆ ನಡೆಯಿತು.

ಎಲ್ಲ ಸಲವೂ ತಪ್ಪು ಕೀಬೋರ್ಡಿನದ್ದೇ ಅಲ್ಲ. `evtest`ನಲ್ಲಿ ಮೂರೂ ಕೀ ಕಂಡು ಗೇಮಿನಲ್ಲಿ ಮಾತ್ರ ಒಂದು ಕಾಣದಿದ್ದರೆ ಗೇಮ್ ಬರೆದ ರೀತಿ ನೋಡಬೇಕು. ಮಕ್ಕಳು ಆಡಿದ ಇನ್ನೊಂದು ಸಣ್ಣ ಗೇಮಿನಲ್ಲಿ ಹೀಗೇ ಆಯಿತು. ಓಡುತ್ತಾ ಹಾರಿದರೆ ಓಟ ನಿಲ್ಲುತ್ತಿತ್ತು. ಅದು ಕೀಯ ಪುನರಾವರ್ತನೆಯನ್ನೇ ನಂಬಿ ಓಡಿಸುತ್ತಿತ್ತು. ಕೊನೆಗೆ ಒತ್ತಿದ ಕೀ ಮಾತ್ರ ಪುನರಾವರ್ತನೆ ಆಗುತ್ತದೆ. ಯಾವ ಕೀ ಕೆಳಗಿದೆ ಅಂತ ಗೇಮೇ ನೆನಪಿಟ್ಟುಕೊಳ್ಳದಿದ್ದರೆ ಎಷ್ಟು ದುಬಾರಿ ಕೀಬೋರ್ಡ್ ತಂದರೂ ಪ್ರಯೋಜನವಿಲ್ಲ.

ಮೂರು, ನಾಲ್ಕು, ಐದು ಕೀ ಯಾವುದಾದರೂ ಸರಿಯಾಗಿ ಬಂದು, ಏಳನೆಯದು ಮಾತ್ರ ಬಾರದಿದ್ದರೆ ಕಾರಣ ಬೇರೆ. ಯಾವ ಕೀ ಒತ್ತಿದೆ ಅಂತ ಯುಎಸ್‌ಬಿ ಕೀಬೋರ್ಡ್ ಕಂಪ್ಯೂಟರಿಗೆ ಕಳಿಸುವ ಸರಳ ವರದಿ 8 ಬೈಟಿನದು. ಒಂದು ಬೈಟ್ ಶಿಫ್ಟ್ ಕಂಟ್ರೋಲುಗಳಿಗೆ, ಒಂದು ಖಾಲಿ, ಉಳಿದ ಆರರಲ್ಲಿ ಆರು ಕೀ. ಮನೆ ಆಟಕ್ಕೆ ಆರು ಧಾರಾಳ ಸಾಕು.

ಹೊಸತು ಕೊಳ್ಳುವುದಾದರೆ ಪ್ರತಿ ಕೀಗೂ ಒಂದು ಡಯೋಡ್ ಇರುವುದನ್ನು ನೋಡಿ. ಡಯೋಡ್ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ, ಸುತ್ತುಬಳಸುವ ದಾರಿಯೇ ಇರುವುದಿಲ್ಲ. ಡಬ್ಬದ ಮೇಲೆ ಆ್ಯಂಟಿ ಘೋಸ್ಟಿಂಗ್ ಅಂತ ಬರೆದದ್ದನ್ನು ಮಾತ್ರ ನಂಬಬೇಡಿ. ಎಷ್ಟೋ ಸಲ W A S D ಸುತ್ತಮುತ್ತಲಿನ ಕೀಗಳಿಗಷ್ಟೇ ಅದು ಸಲ್ಲುತ್ತದೆ, ಬಾಣದ ಕೀ ಹಿಡಿದವನಿಗೆ ಉಪಯೋಗವಿಲ್ಲ. ಹಂಪನಕಟ್ಟೆಯ ಅಂಗಡಿಗೆ ನಾನು ಲ್ಯಾಪ್‌ಟಾಪ್ ಹೊತ್ತುಕೊಂಡೇ ಹೋದೆ, ಅಲ್ಲೇ ಮೂರು ಕೀ ಒತ್ತಿ ನೋಡಿದೆ.

ಕೊನೆಗೆ ತಂದದ್ದು ಮಾತ್ರ ಡಯೋಡಿನದ್ದಲ್ಲ, ಮಾಮೂಲಿ ಕೀಬೋರ್ಡ್. ಹಳೆಯದು, ಹೊಸತು ಎರಡನ್ನೂ ಒಂದೇ ಕಂಪ್ಯೂಟರಿಗೆ ಚುಚ್ಚಿದರೆ ಒಂದೊಂದರ ಗೆರೆ ಒಂದೊಂದರದ್ದೇ. ಅಣ್ಣನ ಬಾಣ ಒಂದರಲ್ಲಿ, ತಂಗಿಯ ಸ್ಪೇಸ್ ಇನ್ನೊಂದರಲ್ಲಿ ಇದ್ದರೆ ಅವೆರಡರ ನಡುವೆ ಚೌಕ ಆಗುವುದಿಲ್ಲ. ಕೀ ಬದಲಿಸಲು ಬಿಡದ ಗೇಮಿಗೂ ಇದು ನಡೆಯುತ್ತದೆ. ಈಗ ತಂಗಿ ತನ್ನದನ್ನು ತೊಡೆಯ ಮೇಲಿಟ್ಟುಕೊಂಡು ಸ್ಪೇಸಿನಲ್ಲೇ ಒದೆಯುತ್ತಾಳೆ.