ಎರಡು ಗೂಟ, ಒಂದು ದಾರ: ಮಾಡ್ಯುಲಸ್ ಲೆಕ್ಕವನ್ನು ದೂರವಾಗಿ ಓದುವ ಬಗೆ

ಕಾಸರಗೋಡು ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೆಯವರೆಗೆ ಓದಿ ಪ್ಲಸ್ ವನ್‌ಗೆ ಬರುವ ಮಕ್ಕಳಿಗೆ ಮಾಡ್ಯುಲಸ್ ಹೇಳಿಕೊಡುವಾಗ ನಾನು ಮೊದಲ ದಿನ ಒಂದು ಸಮೀಕರಣವನ್ನೂ ಬಿಡಿಸುವುದಿಲ್ಲ, ಬರೀ ಓದಿಸುತ್ತೇನೆ. ಬೋರ್ಡಿನ ಮೇಲೆ |x − 5| = 3 ಎಂದು ಬರೆದರೆ ಅದನ್ನು 'ಮಾಡ್ ಎಕ್ಸ್ ಮೈನಸ್ ಫೈವ್' ಎಂದು ಓದುವಂತಿಲ್ಲ. '5ರಿಂದ x ಇರುವ ದೂರ 3' ಎಂದೇ ಓದಬೇಕು. ಹಾಗೆ ಓದಿದ ಮಗು ಸಂಖ್ಯಾರೇಖೆಯಲ್ಲಿ 5ರ ಮೇಲೆ ಬೆರಳಿಟ್ಟು, ಬಲಕ್ಕೆ ಮೂರು ಎಣಿಸಿ 8, ಎಡಕ್ಕೆ ಮೂರು ಎಣಿಸಿ 2 ಎಂದು ತಾನಾಗಿಯೇ ಹೇಳುತ್ತದೆ. ಉತ್ತರ ಎರಡು ಯಾಕೆ ಎಂದು ಬೇರೆ ವಿವರಿಸಬೇಕಾಗಿಲ್ಲ. ರೇಖೆಗೆ ಇರುವುದೇ ಎರಡು ದಿಕ್ಕು.

ಅಸಮತೆಗೆ ಬಂದಾಗ ಕನ್ನಡದ ಎರಡು ಮಾತು ತುಂಬ ಉಪಕಾರ ಮಾಡುತ್ತವೆ: 'ಒಳಗೆ' ಮತ್ತು 'ಆಚೆ'. |x − 5| < 3 ಎಂದರೆ x ಇರುವುದು 5ರಿಂದ 3ರ ಒಳಗೆ. ಗದ್ದೆಯ ಹುಣಿಯ ಮೇಲೆ ಗೂಟ ಹೊಡೆದು ಮೂರು ಮಾರು ಹಗ್ಗದಲ್ಲಿ ದನ ಕಟ್ಟಿದರೆ ಅದು ಎಲ್ಲಿಯವರೆಗೆ ಮೇಯಬಹುದೋ ಅಷ್ಟು ಜಾಗ. ಅದು ಒಂದೇ ತುಂಡು, 2 < x < 8. |x − 5| > 3 ಎಂದರೆ 5ರಿಂದ 3ಕ್ಕಿಂತ ಆಚೆ. ಅದು ಎರಡು ತುಂಡು: x < 2 ಅಥವಾ x > 8. ಈ ಎರಡು ತುಂಡನ್ನು ಕೆಲವರು 8 < x < 2 ಎಂದು ಒಂದೇ ಸಾಲಿಗೆ ತುರುಕುತ್ತಾರೆ. 8ರ ಬಲಕ್ಕೂ 2ರ ಎಡಕ್ಕೂ ಒಟ್ಟಿಗೆ ಇರುವ ಸಂಖ್ಯೆಯನ್ನು ರೇಖೆಯಲ್ಲಿ ಮುಟ್ಟಿ ತೋರಿಸು ಎಂದರೆ ತಪ್ಪು ಅಲ್ಲೇ ಗೊತ್ತಾಗುತ್ತದೆ.

ಗೂಟ ಎಲ್ಲಿದೆ ಎಂದು ಓದುವಾಗ ಎರಡು ಕಡೆ ಕಾಲು ಜಾರುತ್ತದೆ. ಮೊದಲನೆಯದು ಕೂಡಿಸು ಚಿಹ್ನೆ. ದೂರ ಎಂದರೆ ಒಂದರಿಂದ ಇನ್ನೊಂದನ್ನು ಕಳೆಯುವುದು. ಆದ್ದರಿಂದ |x + 4| ಕಂಡರೆ ಮೊದಲು |x − (−4)| ಎಂದು ಬರೆದುಕೊಳ್ಳಬೇಕು, ಗೂಟ −4ರಲ್ಲಿದೆ. ಎರಡನೆಯದು x ಮುಂದಿನ ಗುಣಕ. |2x − 6| < 8 ಎಂಬುದನ್ನು ನೋಡಿ ಅವಸರದಲ್ಲಿ ಗೂಟವನ್ನು 6ಕ್ಕೆ ಹೊಡೆದು −2 < x < 14 ಎಂದು ಬರೆಯುವವರು ಪ್ರತಿ ವರ್ಷವೂ ಸಿಗುತ್ತಾರೆ. ಆ ಉತ್ತರದೊಳಗಿನ 10ನ್ನು ಹಾಕಿ ನೋಡಿದರೆ ಎಡಬದಿ 14 ಬರುತ್ತದೆ, ಅದು 8ಕ್ಕಿಂತ ಕಡಿಮೆಯಲ್ಲ. 6 ಎಂಬುದು 2xನ ಗೂಟ, xನ ಗೂಟವಲ್ಲ. ಮೊದಲು 2ನ್ನು ಹೊರಗೆ ತೆಗೆದು 2|x − 3| < 8, ಆಮೇಲೆ |x − 3| < 4 ಎಂದು ಮಾಡಿಕೊಂಡರೆ ಗೂಟ 3ಕ್ಕೆ ಬಂದು ಉತ್ತರ −1 < x < 7 ಆಗುತ್ತದೆ. ಮಾಡ್ಯುಲಸ್ ಒಳಗೆ x ಒಂಟಿಯಾಗುವವರೆಗೆ ರೇಖೆ ಎಳೆಯಬಾರದು ಎಂಬುದು ನಾನು ಬಿಡದೆ ಪಾಲಿಸುವ ಕ್ರಮ.

ಇಷ್ಟೇ ಆಗಿದ್ದರೆ ದೂರದ ಚಿತ್ರವಿಲ್ಲದೆಯೂ ಸಾಗುತ್ತಿತ್ತು. ಅದರ ನಿಜವಾದ ಬೆಲೆ ಗೊತ್ತಾಗುವುದು ಗೂಟ ಎರಡಾದಾಗ. |x − 2| + |x − 7| = 9 ಎಂಬುದನ್ನು ಬಿಡಿಸುವ ವಾಡಿಕೆಯ ದಾರಿಯೆಂದರೆ ರೇಖೆಯನ್ನು ಮೂರು ಭಾಗ ಮಾಡಿ, ಪ್ರತಿ ಭಾಗದಲ್ಲೂ ಚಿಹ್ನೆ ಬದಲಿಸಿ ಮೂರು ಸಮೀಕರಣ ಬಿಡಿಸುವುದು. ಅದು ಸರಿಯಾದ ದಾರಿಯೇ. ಆದರೆ ಮಕ್ಕಳು ಚಿಹ್ನೆಗಳ ನಡುವೆ ಕಳೆದುಹೋಗಿ, ಬಂದ ಉತ್ತರ ಆ ಭಾಗದೊಳಗೆ ಇದೆಯೇ ಎಂದು ನೋಡುವುದನ್ನು ಮರೆಯುತ್ತಾರೆ. ನಾನು ಇದನ್ನು ದಾರ ಕಟ್ಟಿ ತೋರಿಸುತ್ತೇನೆ.

ಬೇಕಾಗುವುದು ಸುಮಾರು 120 ಸೆಂಟಿಮೀಟರ್ ಉದ್ದದ, ನೇರವಾದ ಅಡಿಕೆ ಮರದ ಸೀಳು. ನಮ್ಮ ಊರುಗಳಲ್ಲಿ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದರ ಮೇಲೆ 10 ಸೆಂಟಿಮೀಟರಿಗೆ ಒಂದರಂತೆ −1ರಿಂದ 10ರವರೆಗೆ ಗುರುತು ಹಾಕಿ, 2 ಮತ್ತು 7ರಲ್ಲಿ ಸಣ್ಣ ಮೊಳೆ ಹೊಡೆಯಬೇಕು. ಮೊಳೆಗಳ ನಡುವೆ 50 ಸೆಂಟಿಮೀಟರ್ ಇರುತ್ತದೆ. ದಾರ ಗೋಣಿ ಹೊಲಿಯುವಂಥದ್ದಾದರೆ ಒಳ್ಳೆಯದು. ನೈಲಾನ್ ದಾರ ಎಳೆದಷ್ಟೂ ಹಿಗ್ಗುವುದರಿಂದ ಉತ್ತರ ಕಾಲು ಮನೆ ಆಚೆಗೆ ಹೋಗುತ್ತದೆ. ಗಂಟುಗಳು ದಾರವನ್ನು ತಿನ್ನುತ್ತವೆ, ಆದ್ದರಿಂದ 110 ಸೆಂಟಿಮೀಟರ್ ಕತ್ತರಿಸಿ, ನಡುವೆ 90 ಸೆಂಟಿಮೀಟರ್ ಬಿಟ್ಟು ಎರಡು ಕಡೆ ಶಾಯಿಯ ಗುರುತು ಹಾಕಿ, ಆ ಗುರುತುಗಳು ಮೊಳೆಗೆ ತಾಗುವಂತೆ ಕಟ್ಟಬೇಕು. ಈಗ ಈ 90 ಸೆಂಟಿಮೀಟರ್ ದಾರವೇ ಸಮೀಕರಣದ 9.

ದಾರದೊಳಗೆ ತೆಳುವಾದ ಕಡ್ಡಿ ಸಿಕ್ಕಿಸಿ ಸೀಳಿನ ಉದ್ದಕ್ಕೆ ಬಲಗಡೆ ಎಳೆಯಿರಿ. ಬಿಗಿಯಾಗಿ ನಿಂತ ಕಡೆ x. ಅಲ್ಲಿ ದಾರ 2ರಿಂದ xವರೆಗೆ ಹೋಗಿ, ತಿರುಗಿ 7ಕ್ಕೆ ಬಂದಿದೆ. ಎರಡು ದೂರಗಳ ಮೊತ್ತ 9 ಎಂದರೆ ಇದೇ. ಇನ್ನು ಲೆಕ್ಕ ಮಾಡುವುದು ಸುಲಭ. 9ರಲ್ಲಿ 5 ಮೊಳೆಯಿಂದ ಮೊಳೆಗೆ ಹೋಗುವುದಕ್ಕೇ ಖರ್ಚಾಯಿತು. ಉಳಿದ 4, ಮೊಳೆಯಿಂದ ಆಚೆಗೆ ಹೋಗಿ ಬರುವುದಕ್ಕೆ. ಹೋಗಲು 2, ಬರಲು 2. ಹಾಗಾಗಿ x ಇರುವುದು 7ರಿಂದ 2 ಆಚೆ, ಅಂದರೆ 9ರಲ್ಲಿ. ಎಡಕ್ಕೆ ಎಳೆದರೆ 2ರಿಂದ 2 ಆಚೆ, ಅಂದರೆ 0ಯಲ್ಲಿ. ಹಾಕಿ ನೋಡಿದರೆ 7 + 2 = 9, 2 + 7 = 9.

ಒಮ್ಮೆ ಕಟ್ಟಿದ ಈ ದಾರ ಅಸಮತೆಯನ್ನೂ ಹೇಳುತ್ತದೆ. |x − 2| + |x − 7| ≤ 9 ಎಂದರೆ ಕಡ್ಡಿ ದಾರ ತಲುಪುವ ಜಾಗದಲ್ಲಿ ಇರಬೇಕು. ಸಡಿಲವಾಗಿದ್ದರೂ ಸರಿ, ಬಿಗಿಯಾಗಿದ್ದರೂ ಸರಿ. ಉತ್ತರ 0 ≤ x ≤ 9. ಬರೀ < ಇದ್ದರೆ ಬಿಗಿಯಾದ ಎರಡು ತುದಿ ಬಿಟ್ಟುಹೋಗುತ್ತವೆ. ರೇಖೆಯಲ್ಲಿ ಅಲ್ಲಿ ತುಂಬಿದ ಚುಕ್ಕಿಯ ಬದಲು ಖಾಲಿ ಉಂಗುರ ಬರೆಯಬೇಕು. > ಇದ್ದರೆ ದಾರ ತಲುಪದ ಜಾಗವೆಲ್ಲ, ಅಂದರೆ x < 0 ಅಥವಾ x > 9.

ಈಗ ದಾರದ ಉದ್ದ ಬದಲಿಸಿ ನೋಡಬೇಕು. ಸೂತ್ರ ಬಾಯಿಪಾಠ ಮಾಡಿದವರು ತಡವರಿಸುವುದು ಇಲ್ಲೇ. ಬಲಬದಿ 4 ಆದರೆ 40 ಸೆಂಟಿಮೀಟರ್ ದಾರವನ್ನು 50 ಸೆಂಟಿಮೀಟರ್ ಅಂತರದ ಮೊಳೆಗಳಿಗೆ ಕಟ್ಟುವುದಕ್ಕೇ ಆಗುವುದಿಲ್ಲ. ಸಮೀಕರಣಕ್ಕೆ ಉತ್ತರವಿಲ್ಲ. ಬಲಬದಿ ಸರಿಯಾಗಿ 5 ಆದರೆ ದಾರ ಮೊಳೆಯಿಂದ ಮೊಳೆಗೆ ಬಿಗಿಯಾಗಿ ನಿಲ್ಲುತ್ತದೆ, ಕಡ್ಡಿಯನ್ನು ನಡುವೆ ಎಲ್ಲಿಟ್ಟರೂ ಮೊತ್ತ 5. ಉತ್ತರ ಒಂದೋ ಎರಡೋ ಸಂಖ್ಯೆಯಲ್ಲ, 2ರಿಂದ 7ರವರೆಗಿನ ಇಡೀ ತುಂಡು. ಬೀಜಗಣಿತದಲ್ಲಿ ಇದೇ ಲೆಕ್ಕ ಮಾಡುವಾಗ ನಡುವಿನ ಭಾಗದಲ್ಲಿ x ಮಾಯವಾಗಿ 5 = 5 ಎಂದು ಉಳಿಯುತ್ತದೆ. ಮಕ್ಕಳು ಅದನ್ನು ನೋಡಿ ಎಲ್ಲೋ ತಪ್ಪಿದೆ ಎಂದು ಹೊಡೆದುಹಾಕುತ್ತಾರೆ. ದಾರ ನೋಡಿದವರು ಹೊಡೆದುಹಾಕುವುದಿಲ್ಲ.

ಎರಡು ದೂರ ಸಮ ಎನ್ನುವ ಲೆಕ್ಕಕ್ಕೆ ದಾರವೂ ಬೇಡ. |x + 1| = |x − 7| ಎಂದರೆ −1ರಿಂದಲೂ 7ರಿಂದಲೂ ಅಷ್ಟೇ ದೂರ, ಅಂದರೆ ಸರಿ ನಡು: 3. |x + 1| < |x − 7| ಎಂದರೆ 7ಕ್ಕಿಂತ −1ಕ್ಕೆ ಹತ್ತಿರ: x < 3. ಹೆದ್ದಾರಿಯಲ್ಲಿ ಮಂಜೇಶ್ವರಕ್ಕೂ ಕುಂಬಳೆಗೂ ನಡುವಿನ ಒಂದು ಮನೆಯವರು ತಮಗೆ ಯಾವ ಪೇಟೆ ಹತ್ತಿರ ಎಂದು ತೀರ್ಮಾನಿಸುವ ಲೆಕ್ಕವೇ ಇದು. ಎರಡೂ ಬದಿಯ ವರ್ಗ ಮಾಡಿದರೂ ಉತ್ತರ ಬರುತ್ತದೆ, ಆದರೆ ಒಂದು ಸಾಲಿನ ಕೆಲಸ ಐದು ಸಾಲಾಗುತ್ತದೆ.

ದಾರದ 'ಉಳಿದದ್ದರಲ್ಲಿ ಅರ್ಧ' ಎಂಬ ಉಪಾಯಕ್ಕೆ ಮಿತಿಯಿದೆ. ಎರಡು ದೂರಗಳಿಗೂ ಒಂದೇ ತೂಕ ಇದ್ದರೆ ಮಾತ್ರ ಅದು ನಡೆಯುತ್ತದೆ. |2x − 4| + |x − 7| = 11 ತೆಗೆದುಕೊಳ್ಳಿ. ಗುಣಕ ಹೊರತೆಗೆದರೆ 2|x − 2| + |x − 7| = 11. ಇಲ್ಲಿ 2ರ ಗೂಟದಿಂದ ಒಂದು ಹೆಜ್ಜೆ ದೂರ ಹೋದರೆ ಎಡಬದಿಗೆ ಎರಡು ಸೇರುತ್ತದೆ. ಇಂಥ ಕಡೆ ನಾನು ಗೂಟದಿಂದ ಗೂಟಕ್ಕೆ ನಡೆದು ಲೆಕ್ಕ ಹಾಕುತ್ತೇನೆ. 2ರಲ್ಲಿ ನಿಂತಾಗ ಎಡಬದಿ 0 + 5, ಅಂದರೆ 5. 7ರಲ್ಲಿ ನಿಂತಾಗ 10 + 0, ಅಂದರೆ 10. ಇವೆರಡರ ನಡುವೆ ಬೆಲೆ 5ರಿಂದ 10ಕ್ಕೆ ಏರುತ್ತದೆ, 11 ಮುಟ್ಟುವುದಿಲ್ಲ. ಆದ್ದರಿಂದ ನಡುವೆ ಉತ್ತರವಿಲ್ಲ. 7ರಿಂದ ಬಲಕ್ಕೆ ಹೊರಟರೆ ಎರಡೂ ಗೂಟ ದೂರವಾಗುತ್ತವೆ, ಒಂದು ಹೆಜ್ಜೆಗೆ 3 ಏರುತ್ತದೆ. ಬೇಕಾದದ್ದು ಇನ್ನು 1 ಮಾತ್ರ, ಹಾಗಾಗಿ ಹೆಜ್ಜೆಯ ಮೂರನೇ ಒಂದು ಭಾಗ ಸಾಕು: x = 22/3. 2ರಿಂದ ಎಡಕ್ಕೂ ಹೆಜ್ಜೆಗೆ 3 ಏರುತ್ತದೆ. 5ರಿಂದ 11ಕ್ಕೆ 6 ಬೇಕು, ಎರಡು ಹೆಜ್ಜೆ: x = 0. ಗೂಟ ಮೂರಿದ್ದರೂ ನಾಲ್ಕಿದ್ದರೂ ಈ ನಡಿಗೆ ಕೆಲಸ ಮಾಡುತ್ತದೆ. ಪ್ರತಿ ಗೂಟದಲ್ಲಿ ನಿಂತು ಬೆಲೆ ಬರೆದುಕೊಳ್ಳುವುದು, ಒಂದು ಗೂಟ ದಾಟಿದಾಗ ಏರಿಳಿತ ಎಷ್ಟು ಬದಲಾಯಿತು ಎಂದು ನೋಡುವುದು, ಇಷ್ಟೇ.

ಬಲಬದಿಯಲ್ಲೂ x ಇದ್ದರೆ ಚಿತ್ರವನ್ನು ಪೂರ್ತಿ ನೆಚ್ಚಿಕೊಳ್ಳುವ ಹಾಗಿಲ್ಲ. |x − 4| = 2x − 5 ಎಂಬಲ್ಲಿ ಗೂಟ 4ರಲ್ಲಿ ಗಟ್ಟಿಯಾಗಿದೆ, ಆದರೆ ಹಗ್ಗದ ಉದ್ದ ನಾವು ಎಲ್ಲಿ ನಿಂತಿದ್ದೇವೆ ಎಂಬುದನ್ನು ನೋಡಿ ಬದಲಾಗುತ್ತದೆ. ಇಲ್ಲಿ ನಾನು ಎರಡು ಸಂದರ್ಭದ ಹಳೆಯ ದಾರಿಗೇ ಮರಳುತ್ತೇನೆ. x − 4 = 2x − 5 ಎಂದು ಹಿಡಿದರೆ x = 1, 4 − x = 2x − 5 ಎಂದು ಹಿಡಿದರೆ x = 3. ಎರಡನ್ನೂ ಉತ್ತರವೆಂದು ಬರೆದು ಅಂಕ ಕಳೆದುಕೊಳ್ಳುವುದು ಇಲ್ಲೇ. ದೂರದ ಓದು ಈಗಲೂ ಒಂದು ಕೆಲಸಕ್ಕೆ ಒದಗುತ್ತದೆ: ಬಲಬದಿ ಒಂದು ದೂರವಾಗಿರಬೇಕಾದರೆ ಅದು ಸೊನ್ನೆಗಿಂತ ಕಡಿಮೆ ಇರಕೂಡದು, ಅಂದರೆ x ಕನಿಷ್ಠ 2.5 ಆಗಿರಬೇಕು. 3 ಆ ಗಡಿಯೊಳಗೆ ಇದೆ, ಹಾಕಿ ನೋಡಿದರೆ ಎರಡೂ ಬದಿ 1. x = 1ರಲ್ಲಿ ಹಗ್ಗದ ಉದ್ದ −3 ಎಂದಾಗುತ್ತದೆ. ಅಂಥ ಹಗ್ಗವಿಲ್ಲ, ಹಾಗಾಗಿ 1 ಉತ್ತರವಲ್ಲ.