‘ಸಾಸಿವೆ’ ಕಿವಿಯಲ್ಲಿ ಸಿಡಿಯುವುದು ನಿಂತದ್ದು ಹೀಗೆ

ಒಂದು ಕಥೆ ಓದಿ ರೆಕಾರ್ಡ್ ಮಾಡಿದ್ದೆ. ‘ಸೊಸೆ ಒಗ್ಗರಣೆಗೆ ಸಾಸಿವೆ ಹಾಕಿದಳು’ ಅನ್ನುವ ಸಾಲು ಬಂದಾಗ ಇಯರ್‌ಫೋನಿನಲ್ಲಿ ಸಾಸಿವೆ ಕಿವಿಯೊಳಗೇ ಸಿಡಿದ ಹಾಗಾಯಿತು.

ಮೊದಲು ಈಕ್ವಲೈಸರ್‌ನಲ್ಲಿ 5 ಕಿಲೋಹರ್ಟ್ಜ್‌ಗಿಂತ ಮೇಲಿನದನ್ನೆಲ್ಲ 6 ಡೆಸಿಬೆಲ್ ಇಳಿಸಿದೆ. ‘ಸ’ ತಣ್ಣಗಾಯಿತು, ಆದರೆ ಇಡೀ ದನಿ ಕಂಬಳಿ ಹೊದ್ದುಕೊಂಡಿತು. ಈಕ್ವಲೈಸರ್ ಪೂರ್ತಿ ಹೊತ್ತು ಕತ್ತರಿಸುತ್ತದೆ. ‘ಸ’ ಬರುವುದು ಒಂದು ಕ್ಷಣ ಮಾತ್ರ ಅಲ್ವಾ?

ಅದನ್ನು ತೆಗೆದು, ‘ಸ’ ಚುಚ್ಚುವ ಕ್ಷಣದಲ್ಲಷ್ಟೇ ದನಿ ತಗ್ಗಿಸುವ ಡಿ-ಎಸ್ಸರ್ ಹಾಕಿದೆ. ಎಲ್ಲಿ ಹಿಡಿಯಬೇಕು ಅಂತ ತಿಳಿಯಲು ‘ಸೊಸೆ’ಯನ್ನು ಲೂಪ್‌ನಲ್ಲಿಟ್ಟು, ಈಕ್ವಲೈಸರ್‌ನ ಒಂದು ಕಿರಿದಾದ ಪಟ್ಟಿಯನ್ನು ಏರಿಸಿ ನಿಧಾನವಾಗಿ ಮೇಲಕ್ಕೆ ಸರಿಸಿದೆ. ನನ್ನ ದನಿಗೆ 7 ಕಿಲೋಹರ್ಟ್ಜ್ ಹತ್ತಿರ ಹಲ್ಲು ಜುಮ್ಮೆಂದಿತು. ‘ಶ’ ಇದಕ್ಕಿಂತ ಕೆಳಗಿರುತ್ತದೆ, ಅದನ್ನು ಮುಟ್ಟಲಿಲ್ಲ. ಡಿ-ಎಸ್ಸರನ್ನು ಸ್ಪ್ಲಿಟ್ ಬ್ಯಾಂಡ್‌ಗೆ ಹಾಕಿದೆ. ಆಗ ಅದು ‘ಸ’ ಬಂದಾಗ ಮೇಲಿನ ಭಾಗವನ್ನಷ್ಟೇ ತಗ್ಗಿಸುತ್ತದೆ.

ತೆಗೆದದ್ದನ್ನು ಮಾತ್ರ ಕೇಳಿಸುವ ಬಟನ್ ಇದ್ದರೆ ಒತ್ತಿ ನೋಡಿ. ಬರೀ ‘ಸ್ಸ್’ ಕೇಳಬೇಕು. ಸ್ವರಗಳೂ ಕೇಳಿದರೆ ಥ್ರೆಶೋಲ್ಡ್, ಅಂದರೆ ಎಷ್ಟು ಜೋರಾದಾಗ ತಗ್ಗಿಸಲು ಶುರುಮಾಡಬೇಕು ಅನ್ನುವ ಮಿತಿ, ಜಾಸ್ತಿ ಇಳಿದಿದೆ ಅಂತ. ಆಸೆಗೆ ಬಿದ್ದು ನಾನು 10 ಡೆಸಿಬೆಲ್ ಕಡಿತಕ್ಕೆ ಹೋದೆ, ‘ಸಾಸಿವೆ’ ‘ಥಾಥಿವೆ’ ಆಯಿತು! ಕೊನೆಗೆ ಜೋರಾದ ‘ಸ’ಗೂ 4–5 ಡೆಸಿಬೆಲ್‌ಗೆ ನಿಲ್ಲಿಸಿದೆ.

ಆಮೇಲೂ ಮೊಂಡು ಹಿಡಿದ ಏಳೆಂಟು ‘ಸ’ಗಳಿದ್ದವು. ವೇವ್‌ಫಾರ್ಮ್‌ನಲ್ಲಿ ಅವು ದಟ್ಟವಾದ ಗೀರುಗಳ ಮುದ್ದೆಯಂತೆ ಕಾಣುತ್ತವೆ. ಒಂದೊಂದನ್ನೇ ಆರಿಸಿ 3 ಡೆಸಿಬೆಲ್ ಕೈಯಾರೆ ಇಳಿಸಿದೆ.